ಒಬ್ಬಳೇ ನಿಂತೆ

ಹಾಡಿನಲ್ಲಿ ಗಂಡನ್ನು ಹೆಣ್ಣು ಮಾಡುವುದು ವನಜಾಕ್ಷಿ ಮೇಡಂಗೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ಕೊರಟಗೆರೆಯ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಕನ್ನಡ ಪಾಠ ಮಾಡುವ ಆಕೆಗೆ ಈ ಉಪಕಸುಬು ಗಂಟುಬಿದ್ದದ್ದು ಮಧುಗಿರಿಯ ಬಸವೇಶನಿಂದ. ಅವನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇತ್ತು, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ. ಗಂಡು ಹಾಡಿದ ಹಳೇ ಹಾಡನ್ನು ಹೆಣ್ಣುಮಗಳೊಬ್ಬಳು ಹಾಡಲು ಬಂದಾಗಲೆಲ್ಲ ಅವನು ಸಾಹಿತ್ಯವನ್ನು ಮೇಡಂ ಫೋನಿಗೆ ಕಳಿಸುತ್ತಿದ್ದ.

ಕೆಲಸ ಹೊರಗಿನವರಿಗೆ ಕಾಣುವಷ್ಟು ದೊಡ್ಡದಲ್ಲ. "ನಾನು" ಎನ್ನುವವರಿಗೆ ಕನ್ನಡದಲ್ಲಿ ಮೀಸೆಯೂ ಇಲ್ಲ, ಜಡೆಯೂ ಇಲ್ಲ. ನಾನು ಬಂದೆ, ನಾನು ಅತ್ತೆ, ನಾನು ಸತ್ತೆ: ಯಾರು ಹಾಡಿದರೂ ಅಷ್ಟೇ. "ನೀನು" ಕೂಡ ಹಾಗೇ. ಬಣ್ಣ ಬಯಲಾಗುವುದು ಮೂರನೆಯವರ ಮಾತು ಬಂದಾಗ. ಹೋದಳು ಎಂದಿದ್ದರೆ ಹೋದನು ಮಾಡಬೇಕು, ಅವಳ ಎಂದಿದ್ದರೆ ಅವನ. ಗೆಳತಿ ಇದ್ದಲ್ಲಿ ಗೆಳೆಯ, ನಲ್ಲೆ ಇದ್ದಲ್ಲಿ ನಲ್ಲ. ಪುಣ್ಯಕ್ಕೆ ಮಾತ್ರೆಗಳೂ ಸರಿಸಮನಾಗಿ ಕೂರುತ್ತವೆ, ತಾಳ ಕೆಡುವುದಿಲ್ಲ. ಹಾಡುವವನು ತನ್ನನ್ನೇ "ಬಡವ", "ಹುಚ್ಚ", "ಒಬ್ಬನೇ" ಎಂದು ಕರೆದುಕೊಂಡಿದ್ದರೆ ಅದೂ ಬದಲಾಗಬೇಕು. ಅವಸರದವರು ತಪ್ಪುವುದು ಅಲ್ಲೇ. ಇನ್ನೊಂದು ಕಷ್ಟ ಪ್ರಾಸದ್ದು. "ಹೋದಳು" ಎಂಬುದಕ್ಕೆ ಜೋಡಿಯಾಗಿ "ನೆರಳು" ಬಂದಿದ್ದರೆ, ಅದನ್ನು "ಹೋದನು" ಮಾಡಿದ ತಕ್ಷಣ ಜೋಡಿ ಮುರಿಯುತ್ತದೆ. ಆಗ ಸಾಲನ್ನೇ ಬಿಚ್ಚಿ ಹೊಲಿಯಬೇಕು. ಗಂಡು ಹೆಣ್ಣಾದರೆ ಪ್ರಾಸ ಕೆಡುತ್ತದೆ, ಅದು ನಿಯಮ. ಪ್ರಾಸ ಕೆಡುವ ಬದಲು ಕೂಡಿಕೊಂಡರೆ ಏನರ್ಥ ಎಂದು ಮೇಡಂ ಅನ್ನು ಯಾರೂ ಕೇಳಿರಲಿಲ್ಲ. ಕೇಳುವ ದಿನಕ್ಕಾಗಿ ಆಕೆ ಇಪ್ಪತ್ತೆರಡು ವರ್ಷ ಕಾದಿದ್ದಳು.

ಒಂದು ಗುರುವಾರ, ಶಾಲೆ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರ ಸೊಪ್ಪು ಕೊಳ್ಳುತ್ತಿದ್ದಾಗ ಫೋನು ಗುಂಯ್ ಎಂದಿತು. ಬಸವೇಶನ ಧ್ವನಿ ಸಂದೇಶ.

"ಮೇಡಂ, ಇದೊಂದ್ ಹಾಡು ನೋಡ್ಬುಡಿ. ಪಾವಗಡದ ರಕ್ಷಾ ಹಾಡ್ತಾಳೆ, ಅವಳ ಚಾನೆಲ್‌ಗೇ ಹಾಕ್ತಾಳಂತೆ. ಹಾಲೇಶಣ್ಣಂದು. ನಿಮಗ್ ಗೊತ್ತಿರತ್ತೆ ಬುಡಿ, ಮದಲೂರ ಏರಿ. ನಾನೇ ಕಂಪ್ಯೂಟರ್‌ನಲ್ಲಿ ಳು ಇದ್ದಲ್ಲೆಲ್ಲ ನು ಮಾಡಿದೀನಿ, ನೀವು ಸುಮ್ನೆ ಒಂದ್ಸಲ ಕಣ್ಣಾಡಿಸಿದ್ರೆ ಸಾಕು."

ಸೊಪ್ಪಿನವಳು ಎರಡು ಸಲ ಕರೆದರೂ ವನಜಾಕ್ಷಿಗೆ ಕೇಳಿಸಲಿಲ್ಲ.

ಗೊತ್ತಿರದೇ ಏನು. ಆ ಹಾಡು ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಟೆಂಪೋಗಳಲ್ಲಿ, ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಬಡಿದುಕೊಳ್ಳುತ್ತಿದೆ. ಅದನ್ನು ಬರೆದವಳು ಅವಳು. ತಾವರೆಕೆರೆಯ ಮನೆಯ ಪಡಸಾಲೆಯಲ್ಲಿ ಕೂತು, ಗೆರೆ ಹಾಳೆಯ ಮೇಲೆ, ನೀಲಿ ಶಾಯಿಯಲ್ಲಿ.

ಆಗ ಅವಳು ಸಿರಾದ ಕಾಲೇಜಿನಲ್ಲಿ ಬಿ.ಎ. ಕೊನೇ ವರ್ಷ. ಹಾಲೇಶ ಮಧುಗಿರಿಯಿಂದ ಬರುತ್ತಿದ್ದ. ಅವಳು ಬರೆಯುವಳು, ಅವನು ಹಾಡುವನು. ಅಂತರಕಾಲೇಜು ಸ್ಪರ್ಧೆಗಳಲ್ಲಿ ಬಹುಮಾನವೆಲ್ಲ ಇವರಿಬ್ಬರಿಗೇ. ಮದಲೂರು ಕೆರೆ ಏರಿಯ ಮೇಲೆ ಕೂತು ಮದುವೆಯ ಮಾತೂ ಆಗಿತ್ತು. "ಶುಕ್ರವಾರ ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ, ನೀನು ಏರಿ ಮೇಲೆ ಸಿಗು, ಒಟ್ಟಿಗೇ ಹೋಗನ" ಎಂದಿದ್ದ. ಶುಕ್ರವಾರ ಅವಳು ಮಧ್ಯಾಹ್ನದಿಂದ ದನ ಮನೆಗೆ ತಿರುಗುವವರೆಗೆ ಏರಿಯ ಮೇಲೆ ನಿಂತಳು. ಅವನು ಬರಲಿಲ್ಲ. ಅವನ ತಾಯಿ ಸಿದ್ದಗಂಗಮ್ಮ "ನಮ್ ಜಾತಿ ಅಲ್ದೋರ ಮನೆ ಹೊಸಲು ತುಳಿದ್ರೆ ನಾನು ನಿನ್ನ ಪಾಲಿಗಿಲ್ಲ" ಎಂದಳಂತೆ. ಮಗ ಎದ್ದು ಅವ್ವನ ಹಿಂದೆ ಹೋದ. ಅದನ್ನು ಬಂದು ಹೇಳುವ ಗಂಡಸುತನವೂ ಇರಲಿಲ್ಲ, ಯಾರದೋ ಬಾಯಲ್ಲಿ ಹೇಳಿಕಳಿಸಿದ.

ವನಜ ಅಳಲಿಲ್ಲ. ಹಾಡು ಬರೆದು ಅಂಚೆಗೆ ಹಾಕಿದಳು. ಓದಿ ಸುಟ್ಟುಹೋಗಲಿ ಎಂದು. ನಕಲು ಇಟ್ಟುಕೊಳ್ಳಲಿಲ್ಲ; ಬೈಗುಳಕ್ಕೆ ಯಾರು ನಕಲು ಇಟ್ಟುಕೊಳ್ಳುತ್ತಾರೆ.

ಅವನು ಸುಟ್ಟುಹೋಗಲಿಲ್ಲ. ಎಂಟು ತಿಂಗಳಿಗೆ ಕ್ಯಾಸೆಟ್ ಬಂತು. ಹೊದಿಕೆಯ ಮೇಲೆ ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ಹಾಲೇಶ್ ಮಧುಗಿರಿ. ಕೆಳಗೆ ಸಣ್ಣ ಅಕ್ಷರದಲ್ಲಿ, "ನನ್ನನ್ನು ಬಿಟ್ಟುಹೋದ ತಾವರೆಕೆರೆಯ ಆ ಹುಡುಗಿಗೆ." ಅವಳ ಹಾಡೇ. ಅಂದನು ಎಂಬಲ್ಲಿ ಅಂದಳು, ಹೋದನು ಎಂಬಲ್ಲಿ ಹೋದಳು. ಅವನು ಕದ್ದದ್ದು ಹಾಡನ್ನು ಮಾತ್ರವಾಗಿದ್ದರೆ ಅವಳು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಒಂದು ಅಕ್ಷರ ತಿರುಗಿಸಿ, ಕೈಕೊಟ್ಟವನು ಕಾದವನಾದ, ಕಾದವಳು ಕೈಕೊಟ್ಟವಳಾದಳು.

ತಾವರೆಕೆರೆಯಲ್ಲಿ "ಆ ಹುಡುಗಿ" ಯಾರೆಂದು ಕೇಳುವವರೇ ಇರಲಿಲ್ಲ. ಕೊರಟಗೆರೆ ಕಡೆಯ ಒಂದು ಸಂಬಂಧ "ಹಾಡಿನ ಹುಡುಗಿ ನಮಗೆ ಬೇಡ" ಎಂದು ಮುರಿಯಿತು, ಆಮೇಲೆ ಇನ್ನೊಂದು. ಅಪ್ಪ ಚಿಕ್ಕರಂಗಯ್ಯ ಒಂದು ದಿನ ಸಿರಾದಿಂದ ಬರುವಾಗ ಬಸ್ಸಿನಲ್ಲಿ ಆ ಹಾಡು ಹಾಕಿದರಂತೆ. ಹಿಂದಿನ ಸೀಟಿನಿಂದ ಯಾವನೋ, "ಚಿಕ್ಕರಂಗಣ್ಣ, ನಿನ್ ಮಗಳ ಹಾಡು ಕಣಣ್ಣ" ಎಂದ. ಅಪ್ಪ ನಡುದಾರಿಯಲ್ಲಿ ಇಳಿದು, ಹೆಗಲ ಮೇಲೆ ಗೊಬ್ಬರದ ಚೀಲ ಹೊತ್ತು ಊರಿಗೆ ನಡೆದುಬಂದ. ಅಂದಿನಿಂದ ಮಂಡಿ ಸೋಲುವವರೆಗೂ ಸಿರಾಕ್ಕೆ ಸೈಕಲ್ಲಿನಲ್ಲೇ ಹೋದ. ಮಗಳನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು; ಕೇಳದೆ ಇದ್ದದ್ದೇ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಆ ಮುಳ್ಳಿನ ಮೇಲೇ ಅವಳು ಬಿ.ಎಡ್. ಮುಗಿಸಿದಳು, ಕೆಲಸ ಹಿಡಿದಳು, ಮದುವೆಯ ಮಾತನ್ನು ಮರೆತಳು. ಹಾಲೇಶನನ್ನು ಮಾತ್ರ ಮರೆಯಲಿಲ್ಲ. ದಿನಾ ಹಲ್ಲುಜ್ಜುವಾಗ ಒಂದು ಸಲ ಅವನನ್ನು ಮನಸ್ಸಿನಲ್ಲೇ ಬಯ್ಯುವುದು ಅವಳಿಗೆ ರೂಢಿಯಾಗಿತ್ತು.

ಮನೆಗೆ ಬಂದು ಫೋನಿನಲ್ಲಿ ಬಂದ ಹಾಳೆಗಳನ್ನು ತೆರೆದಳು. ಮೊದಲನೆಯದು ಬಸವೇಶನ ಕಂಪ್ಯೂಟರಿನ ಕಾರುಬಾರು. ಅದನ್ನು ಓದಿ ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು.

ಅವಳೆದ್ದು ನಡೆದನು, ಅವಳಪ್ಪ ಕರೆದನು
ನೀರಲ್ಲಿ ಉಳಿದದ್ದು ನನ್ನೊಂದೇ ನೆರನು

ನೆರಳು ಹೋಗಿ ನೆರನು. ಬೆರಳು ಹೋಗಿ ಬೆರನು, ಇರುಳು ಹೋಗಿ ಇರುನು. ಯಂತ್ರಕ್ಕೆ ಯಾವ "ಳು" ಹೆಂಗಸಿನದು, ಯಾವುದು ಕೈಬೆರಳಿನದು ಎಂದು ತಿಳಿಯಬೇಕಲ್ಲ.

ಎರಡನೆಯದು ಮೂಲ. ಅಂದರೆ ಹಾಲೇಶನ ಮೂಲ. ಇಷ್ಟು ವರ್ಷ ಈ ಹಾಡು ಎಲ್ಲಿ ಕೇಳಿಸಿದರೂ ಅವಳು ಕಿವಿ ಮುಚ್ಚಿಕೊಂಡು ದಾಟಿದ್ದಳು. ಇದನ್ನು ಅಕ್ಷರದಲ್ಲಿ ನೋಡುತ್ತಿರುವುದು ಇದೇ ಮೊದಲು. ಕೆಂಪು ಪೆನ್ನಿನಲ್ಲಿ ಒಂದೊಂದೇ ಸಾಲನ್ನು ಹಾಳೆಗೆ ಇಳಿಸಿಕೊಳ್ಳುತ್ತ ಓದಿದಳು.

ಮದಲೂರ ಏರಿ ಮೇಲೆ ಒಬ್ಬಳೇ ನಿಂತೆ
ಕೆರೆ ತುಂಬ ನೀರು, ಎದೆ ತುಂಬ ಚಿಂತೆ

ಪೆನ್ನು ಅಲ್ಲೇ ನಿಂತಿತು. ಒಬ್ಬಳೇ.

ಅವಳು ಕುರ್ಚಿಯಿಂದ ಎದ್ದು, ಒಂದು ಲೋಟ ನೀರು ಕುಡಿದು, ಮತ್ತೆ ಬಂದು ಓದಿದಳು. ಹೌದು, ಒಬ್ಬಳೇ. ಗಂಡು ಹಾಡುವ ಹಾಡಿನಲ್ಲಿ ಒಬ್ಬಳೇ ನಿಂತೆ. ಕಳ್ಳ ಹೇಗೆ ತಪ್ಪಿದ ಎಂಬುದು ಅವಳಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು, ಹತ್ತಾರು ಹಾಡು ತಿದ್ದಿದ ಕಣ್ಣಲ್ಲವೇ. ಅವನು "ನ"ಗಳನ್ನು ಹುಡುಕುತ್ತ ಹೋಗಿದ್ದಾನೆ, ಸಿಕ್ಕಲ್ಲೆಲ್ಲ "ಳ" ಮಾಡಿದ್ದಾನೆ. "ಒಬ್ಬಳೇ" ಎಂಬುದರಲ್ಲಿ ಮೊದಲೇ "ಳ" ಇತ್ತು. ಆಗಲೇ ಮಾಡಿ ಮುಗಿಸಿದ್ದೇನೆ ಅಂದುಕೊಂಡು ಕಣ್ಣು ಜಾರಿದೆ. ಬೇಕೆಂದೇ ತಿರುಗಿಸಿದ್ದೊಂದು ಬಿಟ್ಟರೆ, ಅವನು ಬದಲಾಯಿಸಬೇಕಾದ "ಳ" ಇಡೀ ಹಾಡಿನಲ್ಲಿ ಅದೊಂದೇ. ಕೇಳಿದವರೂ ತಲೆ ಕೆಡಿಸಿಕೊಂಡಿಲ್ಲ, ಏಕೆಂದರೆ ನಾನು ನಿಂತೆ ಎಂದರೂ "ನಿಂತೆ", ನೀನು ನಿಂತೆ ಎಂದರೂ "ನಿಂತೆ". ಯಾವಳೋ ಹುಡುಗಿಯನ್ನು ಕುರಿತು ಹೇಳುತ್ತಿದ್ದಾನೆ ಎಂದುಕೊಂಡು ಜನ ಕುಣಿದಿದ್ದಾರೆ.

ಅವಳು ಬಸವೇಶನಿಗೆ ಫೋನು ಮಾಡಿದಳು. ಧ್ವನಿ ಪಾಠ ಹೇಳುವಷ್ಟೇ ಶಾಂತವಾಗಿತ್ತು.

"ಬಸವೇಶ್, ಇದು ಸ್ವಲ್ಪ ಸೂಕ್ಷ್ಮದ್ದು. ಕವಿಗಳು ಎದುರಿಗೇ ಇದ್ರೆ ಒಳ್ಳೇದು. ಅವರ ಒಪ್ಪಿಗೆ ಇಲ್ದೆ ಅಕ್ಷರ ಮುಟ್ಟೋದು ಸರಿಯಲ್ಲ, ಅಲ್ವಾ?"

"ಅಯ್ಯೋ, ಬರ್ತಾರೆ ಬುಡಿ ಮೇಡಂ. ಮುಂದಿನ ತಿಂಗಳು ಅಭಿಮಾನಿಗಳು ಅವರಿಗೆ ಸನ್ಮಾನ ಇಟ್ಕೊಂಡವ್ರೆ, ಅವತ್ತೇ ಈ ಹಾಡು ಬಿಡೋದು. ಖುಷೀಲಿ ಓಡಿ ಬರ್ತಾರೆ. ನಿಮ್ ಹೆಸರು ಏನ್ ಹೇಳ್ಲಿ?"

"ಮೇಡಂ ಅನ್ನಿ, ಸಾಕು."

ರೆಕಾರ್ಡಿಂಗ್‌ಗೆ ಹತ್ತು ದಿನ ಇತ್ತು. ಆ ಹತ್ತು ದಿನವೂ ಅವಳು ಚೆನ್ನಾಗಿ ಉಂಡಳು, ಚೆನ್ನಾಗಿ ಮಲಗಿದಳು. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವರಂತೆ ಆ "ಒಬ್ಬಳೇ" ಎಂಬ ಮಾತನ್ನು ಚಪ್ಪರಿಸಿದಳು. ಒಂದೇ ಅಳುಕು. ಕಾಗದ ಅವನ ಕೈಸೇರಿದ್ದು, ನಕಲಿಲ್ಲ. ಅವನು ಇಲ್ಲ ಎಂದರೆ ಇಲ್ಲ. "ಸಾಹಿತ್ಯ" ಎಂಬುದರ ಮುಂದೆ ಈ ಸಲವೂ ಅವನ ಹೆಸರೇ ಬಿದ್ದರೆ, ಇನ್ನು ಅದು ಸಾಯುವವರೆಗೂ ಅಲ್ಲೇ. ರಕ್ಷಾಳ ಚಾನೆಲ್ಲನ್ನು ನೋಡುವವರು ಲಕ್ಷಗಟ್ಟಲೆ. ಅಪ್ಪನಿಗೆ ಎಪ್ಪತ್ತೊಂಬತ್ತು.

ಭಾನುವಾರ ಗಿರಣಿಗೆ ರಜೆ. ಮಹಡಿಯ ಮೆಟ್ಟಿಲ ಮೇಲೆ ರಾಗಿ ಹಿಟ್ಟಿನ ತೆಳುವಾದ ಪದರ, ಒಳಗೆ ಗೋಡೆಯ ತುಂಬ ಮೊಟ್ಟೆಯ ಟ್ರೇಗಳು, ಗಾಜಿನ ಆಚೆ ಒಂದು ಮೈಕು. ರಕ್ಷಾ ಆಗಲೇ ಬಂದಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಪಾವಗಡದವಳು, ಮಾತಿನ ಮಧ್ಯೆ ತೆಲುಗು ಉದುರುತ್ತಿತ್ತು.

"ಮೇಡಂ, ಈ ನೆರನು ಅಂಟೇ ಏಮಿಟಿ, ಏನದು? ನಮ್ಮ ಕಡೆ ಇಲ್ಲ ಆ ಮಾತು."

"ಯಾರ ಕಡೆಯೂ ಇಲ್ಲಮ್ಮ. ಅದು ಬಸವೇಶನ ಕಂಪ್ಯೂಟರ್ ಕಡೇದು."

ರಕ್ಷಾ ಕಿಸಕ್ಕನೆ ನಕ್ಕಳು. "ನಂಗೆ ಅರ್ಥ ಆಗ್ದೇ ಇದ್ರೆ ಹಾಡಕ್ಕೆ ಬರಲ್ಲ ಮೇಡಂ. ಸಾಲು ಸಾಲೂ ಹೇಳಿಕೊಡ್ಬೇಕು ನೀವು."

ಅಷ್ಟರಲ್ಲಿ ಹಾಲೇಶ ಬಂದ. ಬಿಳಿ ಜುಬ್ಬ, ಕೂದಲಿಗೆ ಅಚ್ಚಗಪ್ಪು ಬಣ್ಣ, ಕುತ್ತಿಗೆಗೆ ಯಾರೋ ಹಾಕಿದ ಶಲ್ಯ. ಬಾಗಿಲಲ್ಲಿ ಮೇಡಂ ಮುಖ ಕಂಡದ್ದೇ ಅವನ ಕಾಲು ಒಂದು ಕ್ಷಣ ನಿಂತಿತು. ಆದರೆ ವೇದಿಕೆ ಹತ್ತಿ ಪಳಗಿದವನು, ನಗುವನ್ನು ಬೀಳಗೊಡಲಿಲ್ಲ.

"ಓಹೋ! ತಾವರೆಕೆರೆಯೋರಲ್ವಾ ನೀವು? ಕಾಲೇಜಲ್ಲಿ ನಮ್ ಜೂನಿಯರ್ ಕಣ್ರೀ ಬಸವೇಶ್ ಇವರು."

"ಹೌದು ಸಾರ್," ಎಂದಳು ವನಜಾಕ್ಷಿ. "ದೊಡ್ಡೋರು, ನೆನಪಿಟ್ಟುಕೊಂಡಿದ್ದೀರಲ್ಲ."

ಅವನು ಆರಾಮಾಗಿ ಕಾಲು ಚಾಚಿ ಕೂತ. ಇವಳು ಬಾಯಿ ಬಿಡುವವಳಲ್ಲ, ಅಂದೂ ಬಿಡಲಿಲ್ಲ, ಇಂದು ಏನು ಬಿಟ್ಟಾಳು ಎಂಬ ಧೈರ್ಯ ಅವನ ಮುಖದ ಮೇಲೆಯೇ ಬರೆದಿತ್ತು. ವನಜಾಕ್ಷಿ ಕನ್ನಡಕ ಏರಿಸಿ, ಹಾಳೆ ಹರಡಿ, ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

"ಪಲ್ಲವಿಯಿಂದ ಶುರು ಮಾಡೋಣ ಸಾರ್. 'ಒಬ್ಬಳೇ ನಿಂತೆ.' ಯಾರು ನಿಂತಿದ್ದು?"

"ನಾನೇ." ಅವನು ಎದೆ ಮುಟ್ಟಿಕೊಂಡ. ಎಷ್ಟೋ ವೇದಿಕೆಗಳಲ್ಲಿ ಹೇಳಿದ ಕತೆ ತಂತಾನೇ ಬಂತು. "ಮದಲೂರು ಕೆರೆ ಏರಿ ಮೇಲೆ ಇಡೀ ಸಂಜೆ ನಾನೇ ನಿಂತಿದ್ದೆ. ಅಲ್ಲೇ ಹುಟ್ಟಿದ್ದು ಈ ಹಾಡು."

"ನೀವು ನಿಂತಿದ್ರೆ 'ಒಬ್ಬನೇ ನಿಂತೆ' ಆಗ್ಬೇಕಲ್ವಾ?"

ರಕ್ಷಾ ಹಾಳೆಯಿಂದ ತಲೆಯೆತ್ತಿದಳು. ಹಾಲೇಶ ಒಮ್ಮೆ ಕೆಮ್ಮಿದ.

"ಅದು... ಅದು ಅವಳ್ನ ಕುರಿತು ಹೇಳಿದ್ದು. ಗೆಳತೀ, ನೀನು ಒಬ್ಬಳೇ ನಿಂತೆ ಅಂತ."

"ಸರಿ ಸಾರ್. ಹಾಗಾದ್ರೆ ಅವಳು ಏರಿ ಮೇಲೆ ಬಂದು ನಿಂತಿದ್ದಳು. ಮೊದಲನೇ ಚರಣದಲ್ಲೇ 'ಬರುತೀನಿ ಅಂದಳು, ಬಾರದೆ ಹೋದಳು' ಅಂತೀರ. ಬಂದು ನಿಂತವಳು ಬಾರದೆ ಹೋದದ್ದು ಹೆಂಗೆ?"

ಬಸವೇಶ ಹಾಳೆಯನ್ನು ಹತ್ತಿರ ಎಳೆದುಕೊಂಡು ಆ ಎರಡು ಸಾಲನ್ನು ಮತ್ತೆ ಓದಿದ. ಈ ಹಾಡನ್ನು ಅವನು ಸಾವಿರ ಸಲ ಕೇಳಿದ್ದ.

"ಕಾವ್ಯ ಕಣ್ರೀ ಇದು, ವ್ಯಾಕರಣದ ಕ್ಲಾಸಲ್ಲ," ಎಂದ ಹಾಲೇಶ. ನಗು ಇನ್ನೂ ಇತ್ತು, ಹಲ್ಲಿಗೆ ಮಾತ್ರ. "ಬಂದಿರೋದು ಳು-ನು ತಿದ್ದಕ್ಕೆ, ಅದ್ ಮಾಡಿ."

"ಅದನ್ನೇ ಮಾಡ್ತೀನಿ ಸಾರ್. ರಕ್ಷಾ, ಮೊದಲು ಅವರ ಹಾಡಿನಲ್ಲಿ ಹೆಂಗಿದೆಯೋ ಹಂಗೇ ಹಾಡಮ್ಮ. ಪ್ರಾಸದ ಮೇಲೆ ಕಿವಿಯಿಟ್ಟು."

ರಕ್ಷಾ ಮೈಕಿನ ಹತ್ತಿರ ಹೋಗಲಿಲ್ಲ, ಕೂತಲ್ಲೇ ಹಾಡಿದಳು.

ಬರುತೀನಿ ಅಂದಳು, ಬಾರದೆ ಹೋದಳು
ನಾಲಿಗೆ ತುದಿಯಲ್ಲಿ ಸುರಿಸಿದ್ದ ಜೇನು
ಊರೆಲ್ಲ ಕೇಳಿತು ಆದದ್ದು ಏನು
ಹೇಳೋಕೆ ಬಾಯಿಲ್ಲ, ನಿಂತಿದ್ದೆ ನಾನು

"ಮೂರು ಸಾಲು ನು, ಮೊದಲನೇದು ಮಾತ್ರ ಳು," ಎಂದಳು ತಾನೇ. "ತಬಲಾದಲ್ಲಿ ಮುಚ್ಚಿಹೋಗಿತ್ತು ನೋಡಿ ಇಷ್ಟು ದಿನ."

"ಈಗ ಅಂದನು, ಹೋದನು ಮಾಡಿ ಹಾಡು."

ಹೋದನು, ಜೇನು, ಏನು, ನಾನು. ನಾಲ್ಕೂ ಸಾಲು ಬಾಗಿಲಿಗೆ ಚಿಲಕ ಬಿದ್ದಂತೆ ಕೂತವು. ರಕ್ಷಾ ಕಣ್ಣರಳಿಸಿ ಮೇಡಂ ಕಡೆ ನೋಡಿದಳು.

"ಎರಡನೇ ಚರಣ," ಎಂದಳು ವನಜಾಕ್ಷಿ. "'ಅವಳೆದ್ದು ನಡೆದಳು, ಅವಳಪ್ಪ ಕರೆದನು.' ಆಮೇಲೆ ನೆರಳು, ಬೆರಳು, ಇರುಳು. ಇಲ್ಲಿ ಉಲ್ಟಾ. ಮೂರು ಕಡೆ ಳು, ಮೊದಲ ಸಾಲಿಗೆ ನು. ಬರೀ ಅವಳನ್ನ ಅವನು ಮಾಡಿದ್ರೆ 'ಅವನಪ್ಪ ಕರೆದನು' ಆಗತ್ತೆ, ಪ್ರಾಸ ಹಂಗೇ ಕುಂಟತ್ತೆ. ಅಲ್ಲಿ ಕರೆದದ್ದು ಹೆಂಗಸು ಆಗಿದ್ರೆ ಮಾತ್ರ ಕೂಡೋದು. ಹಾಡಮ್ಮ, ನಾನು ಹೇಳಿದ ಹಂಗೆ."

ಅವನೆದ್ದು ನಡೆದನು, ಅವನವ್ವ ಕರೆದಳು
ನೀರಲ್ಲಿ ಉಳಿದದ್ದು ನನ್ನೊಂದೇ ನೆರಳು
ಬರುವನೋ ಎನ್ನುತ್ತ ಎಣಿಸಿದ್ದೆ ಬೆರಳು
ಹಗಲಾಗದುಳಿಯಿತು ಆ ಒಂದು ಇರುಳು

ಅವನವ್ವ ಎಂಬ ಮಾತು ಬಿದ್ದಾಗ ಹಾಲೇಶ ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದ.

"ಹೆಣ್ಣು ಮಾಡಕ್ಕೆ ಹೋದ್ರೆ ಹಾಡು ಕೆಡ್ಬೇಕಿತ್ತಲ್ವಾ ಮೇಡಂ," ಎಂದಳು ರಕ್ಷಾ ನಿಧಾನವಾಗಿ. "ಇದು ಸರಿಹೋಯ್ತು. ಹೆಣ್ಣಿಗೇ ಬರೆದಂಗೈತೆ. ಫಸ್ಟೇ ಹೆಣ್ಣಿಗೆ ಬರೆದು, ಆಮೇಲೆ ಗಂಡು ಮಾಡಿದಂಗೆ."

"ಏನಮ್ಮ, ನನ್ ಹಾಡು ಯಾವನೋ ಬರೆದ ಅಂತೀಯಾ?" ಹಾಲೇಶನ ಕುತ್ತಿಗೆ ಕೆಂಪಾಯಿತು.

"ಯಾವನೋ ಅನ್ಲಿಲ್ಲ ಸಾರ್," ಎಂದಳು ಹುಡುಗಿ.

ವನಜಾಕ್ಷಿ ಹಾಳೆಯ ತುದಿಯನ್ನು ಉಗುರಿನಿಂದ ಮಡಚಿದಳು. ಇಲ್ಲಿಯವರೆಗೆ ಬಂದದ್ದು ಕಿವಿಯ ಸಾಕ್ಷಿ. ಅವನು ಎದ್ದು ನಿಂತು "ಮೊದಲ ಕ್ಯಾಸೆಟ್ಟಿನಲ್ಲಿ ಬಾಯಿ ತಪ್ಪಿ ಹಾಡಿದ್ದು" ಎಂದುಬಿಟ್ಟರೆ ಮುಗಿಯಿತು. ಹತ್ತು ದಿನ ಚಪ್ಪರಿಸಿದ್ದರ ಕೊನೆಯ ತುಣುಕು ಇನ್ನೂ ಬಾಯಲ್ಲೇ ಇತ್ತು.

"ಇನ್ನೊಂದು ವಿಷಯ ರಕ್ಷಾ. ಈ ಹಾಡಿಗೆ ಮೂರನೇ ಚರಣ ಒಂದಿದೆ, ಯಾರೂ ಹಾಡಿಲ್ಲ. ಹೆಣ್ಣು ಹಾಡೋವಾಗ ಅದೂ ಇದ್ರೆ ಚೆಂದ. ಹಿಂಗೆ ಶುರುವಾಗತ್ತೆ. 'ಹಾಲೆಂಬ ಹೆಸರವಗೆ ಇಟ್ಟವರು ಯಾರು...'"

ಅವಳು ಅಲ್ಲಿಗೇ ನಿಲ್ಲಿಸಿ ನೀರಿನ ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿದಳು. ಅವಸರವೇ ಇರಲಿಲ್ಲ.

"ಬ್ಯಾಡ!" ಹಾಲೇಶ ಎದ್ದೇ ನಿಂತ. "ಆ ಕೆರೆ ನೀರಿನ ಸಾಲು ಬ್ಯಾಡ ವನಜ. ಉಳಿದದ್ದು ಏನಾದ್ರೂ ಮಾಡ್ಕೊ, ಅದೊಂದ್ ಬ್ಯಾಡ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

ರಕ್ಷಾ ಅವನನ್ನೂ ಮೇಡಂ ಅನ್ನೂ ನೋಡಿದಳು. "ಸಾರ್," ಎಂದಳು, "ಕೆರೆ ನೀರು ಅಂತ ಮೇಡಂ ಇನ್ನೂ ಅಂದೇ ಇಲ್ವಲ್ಲ."

ಬಸವೇಶ ಹೆಡ್‌ಫೋನನ್ನು ಕಿವಿಯಿಂದ ಕೆಳಗಿಳಿಸಿದ. ವನಜಾಕ್ಷಿ ಎರಡು ಗುಟುಕು ನೀರು ಕುಡಿದು, ಬಾಯಿ ಒರೆಸಿಕೊಂಡು, ಸಾಲನ್ನು ಪೂರ್ತಿ ಮಾಡಿದಳು.

ಹಾಲೆಂಬ ಹೆಸರವಗೆ ಇಟ್ಟವರು ಯಾರು
ಕಾಸಿ ನಾ ನೋಡಿದೆ, ಬರಿ ಕೆರೆಯ ನೀರು

ಅವನು ಕುಸಿದು ಕೂತ. ಇಪ್ಪತ್ತೆರಡು ವರ್ಷದ ಹಿಂದೆ ಮಧುಗಿರಿಯ ಮನೆಯಲ್ಲಿ ಒಬ್ಬನೇ ಕೂತು ಆ ಕಾಗದ ಓದಿದಾಗ ಹೀಗೇ ಕುಸಿದಿದ್ದನೋ ಏನೋ. ಹಾಗಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡಳು ವನಜಾಕ್ಷಿ. ಅವಳಿಗೆ ಕನಿಕರ ಹುಟ್ಟಲಿಲ್ಲ. ಹುಟ್ಟಬಹುದೇನೋ ಎಂದು ಒಳಗೆ ಒಂದು ಸಲ ಹುಡುಕಿಯೂ ನೋಡಿದಳು, ಇರಲಿಲ್ಲ. ಇದ್ದದ್ದು ಗೊಬ್ಬರದ ಚೀಲ ಹೊತ್ತು ನಡೆದುಬಂದ ಅಪ್ಪನ ಬೆನ್ನು.

"ವನಜ," ಎಂದ ಹಾಲೇಶ, ಧ್ವನಿ ಇಳಿಸಿ. "ಸಾಹಿತ್ಯ ನಿನ್ ಹೆಸರಿಗೇ ಹಾಕ್ಸು. ಒಪ್ಕೊಂಡೆ. ಆದ್ರೆ ಮುಂದಿನ ತಿಂಗಳು ಸನ್ಮಾನ ಐತೆ, ಜನದ ಮುಂದೆ ಮುಖ ಎತ್ಬೇಕು ನಾನು. ಒಂದೇ ಒಂದು ಕೆಲಸ ಮಾಡು. ಹೋದನು ಬ್ಯಾಡ, ಹೋದರು ಅಂತ ಮಾಡು. ಅಂದರು, ಹೋದರು, ನಡೆದರು. ಮಾತ್ರೆ ಸರಿಹೋಗತ್ತೆ, ಎಣಿಸಿ ನೋಡು ಬೇಕಾದ್ರೆ. ಗಂಡೋ ಹೆಣ್ಣೋ ಯಾರ್ಗೂ ಗೊತ್ತಾಗಲ್ಲ."

ಅವಳು ನಿಜಕ್ಕೂ ಬೆರಳ ಮೇಲೆ ಎಣಿಸಿದಳು. ಹೋ ಎರಡು, ದ ಒಂದು, ರು ಒಂದು. ನಾಲ್ಕು ಮಾತ್ರೆ, ಸರಿಯಾಗಿತ್ತು. ಕಳ್ಳನಾದರೂ ಕಸುಬು ಗೊತ್ತಿತ್ತು ಅವನಿಗೆ.

"ಮಾತ್ರೆ ಸರಿಹೋಗತ್ತೆ," ಎಂದಳು. ಇಷ್ಟು ಹೊತ್ತು ಕಾದುಕೊಂಡಿದ್ದ ಮೇಷ್ಟರ ಭಾಷೆ ಅಲ್ಲಿಗೆ ಮುಗಿದು, ತಾವರೆಕೆರೆಯ ಮಾತು ಹೊರಬಂತು. "ಅಂದರು ಹೋದರು ಅಂತ ನಮ್ಮೂರಲ್ಲಿ ಮರ್ಯಾದಸ್ಥರ್ಗೆ ಅಂತಾರೆ ಕಣ್ಲಾ. ನಿಂಗೇನಕ್ಕೆ ಅದು? ನಮ್ಮಪ್ಪ ಬಸ್ಸಿಂದ ಇಳ್ದು ನಡ್ಕೊಂಡ್ ಬಂದ್ನಲ್ಲ, ಅವತ್ತು ನನ್ನ ಹೋದಳು ಅಂತಿದ್ದೆ ನೀನು. ಹೋದರು ಅಂತ ಮಾಡಕ್ಕೆ ಅವತ್ತೂ ಬರ್ತಿತ್ತು. ಮಾಡಿದ್ಯಾ?"

ಹಾಲೇಶ ರಕ್ಷಾಳ ಕಡೆ ತಿರುಗಿದ. ಹಾಡು ಬಿಡುವವಳು ಅವಳಲ್ಲವೇ. ಅವಳು ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದು ಗಾಜಿನ ಬಾಗಿಲು ತೆಗೆದಳು.

"ಒದ್ದು ಸಾರ್," ಎಂದಳು, ತೆಲುಗಿನಲ್ಲೇ. ಬೇಡ ಎಂದು. "ಹೋದನು ಅಂತಾನೇ ಹಾಡ್ತೀನಿ. ಪ್ರಾಸ ಕೂಡತ್ತೆ. ಮೂರು ಚರಣಾನೂ ಹಾಡ್ತೀನಿ. ಬಸವೇಶಣ್ಣ, ಸಾಹಿತ್ಯ ಅಂತ ಇರೋ ಕಡೆ ಹೆಸರು ಬರ್ಕೊಳ್ಳಿ. ವನಜಾಕ್ಷಿ, ತಾವರೆಕೆರೆ. ಅಲ್ವಾ ಮೇಡಂ?"

"ಅಲ್ಲ," ಎಂದಳು ವನಜಾಕ್ಷಿ. "ವನಜಾಕ್ಷಿ ಚಿಕ್ಕರಂಗಯ್ಯ ಅಂತ ಬರೀರಿ."

ಬಸವೇಶ ಟೈಪು ಮಾಡಿದ. ಒಂದೊಂದು ಅಕ್ಷರವೂ ಪರದೆಯ ಮೇಲೆ ಮೂಡುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹಾಲೇಶನೂ ನೋಡಿದ. ಅವನು ನೋಡಲೇಬೇಕೆಂದು ಅವಳು ಪರದೆಯನ್ನು ಅವನ ಕಡೆಗೆ ತುಸು ತಿರುಗಿಸಿದಳು ಕೂಡ.

ಕೆಂಪು ದೀಪ ಹತ್ತಿತು. ರಕ್ಷಾ ಗಾಜಿನ ಆಚೆ ಕಣ್ಣು ಮುಚ್ಚಿ ಪಲ್ಲವಿ ಎತ್ತಿದಳು. ಮದಲೂರ ಏರಿ ಮೇಲೆ ಒಬ್ಬಳೇ ನಿಂತೆ. ಆ ಮಾತಿಗೆ ಅಂಟಿದ್ದ ಸುಳ್ಳು ಕಳಚಿ, ಅದು ಹುಟ್ಟಿದ ದಿನದಂತೆಯೇ ಕೇಳಿಸಿತು. ವನಜಾಕ್ಷಿಗೆ ಆಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ಬರುತೀನಿ ಅಂದನು" ಎಂಬಲ್ಲಿಗೆ ಹಾಲೇಶ ಶಲ್ಯ ಎತ್ತಿಕೊಂಡ. "ಬಾರದೆ ಹೋದನು" ಎಂಬಲ್ಲಿಗೆ ಅವನ ಚಪ್ಪಲಿ ಮೆಟ್ಟಿಲ ಮೇಲೆ ಧಡಧಡ ಇಳಿಯುತ್ತಿತ್ತು. ಬಾಗಿಲನ್ನು ಎಳೆದುಕೊಳ್ಳಲಿಲ್ಲ, ಆ ಸದ್ದು ನೇರ ಒಳಗೆ ನುಗ್ಗಿತು.

ಚರಣ ಮುಗಿಯುತ್ತಲೇ ಬಸವೇಶ ರೆಕಾರ್ಡಿಂಗ್ ನಿಲ್ಲಿಸಿ ತಲೆ ಚಚ್ಚಿಕೊಂಡ. "ಅವರು ಇಳಿದುಹೋದ ಸದ್ದು ಬಂದ್ಬುಡ್ತು ಮೇಡಂ. ಮೊದಲಿಂದ ತಗೋಬೇಕು."

ವನಜಾಕ್ಷಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.

"ಸದ್ದು ಇರ್ಲಿ ಬಿಡಿ ಬಸವೇಶ್. ನೀವು ಅಂದಿದ್ರಲ್ಲಿ ಒಂದಕ್ಷರ ಮಾತ್ರ ತಿದ್ಕೊಳ್ಳಿ. ಅವರು ಅಲ್ಲ," ಎಂದಳು. "ಅವನು."